ಬತ್ತಿಯಿಲ್ಲದ ಕ್ಯಾಂಡಲ್ ಮತ್ತು ಬಿಗಿ ಮಾಡುವ ಮಾವ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಸ್ಟೀಲಿನ ವಾಟರ್ ಫಿಲ್ಟರ್ ಒಂದು ನಿಂತಿದೆ. ಮೇಲಿನ ಪಾತ್ರೆಗೆ ಸುರಿದ ನೀರು ಎರಡು ಬಿಳಿಯ ಕ್ಯಾಂಡಲ್‌ಗಳ ಮೂಲಕ ಹನಿಹನಿಯಾಗಿ ಕೆಳಗಿನ ಪಾತ್ರೆಗೆ ಇಳಿಯಬೇಕು, ಇಷ್ಟೇ ಅದರ ಕೆಲಸ. ವಿದ್ಯುತ್ತು ಬೇಡ, ಗುಂಡಿ ಒತ್ತುವುದು ಬೇಡ. ಇದಕ್ಕೆ ಕ್ಯಾಂಡಲ್ ಎಂದು ಹೆಸರಿಟ್ಟವರು ಯಾರೋ ತಿಳಿಯದು. ಅದಕ್ಕೆ ಬತ್ತಿಯೂ ಇಲ್ಲ, ಅದು ಉರಿಯುವುದೂ ಇಲ್ಲ. ಉರಿಯುವುದು ನನ್ನ ಮೈ ಮಾತ್ರ.

ಕಳೆದ ವಾರ ಅದು ಉರಿದ ಬಗೆ ಹೀಗೆ. ರಾತ್ರಿ 10 ಗಂಟೆಗೆ ಮೇಲಿನ ಪಾತ್ರೆಗೆ ಎಂಟು ಲೀಟರ್ ನೀರು ತುಂಬಿಸಿ ಮಲಗಿದ್ದೆ. ಬೆಳಿಗ್ಗೆ 6 ಗಂಟೆಗೆ ನೋಡಿದರೆ ಕೆಳಗಿನ ಪಾತ್ರೆಯಲ್ಲಿ ಮೂರು ಲೀಟರ್ ಕೂಡ ಇಳಿದಿರಲಿಲ್ಲ. ಮಗನ ಬಾಟಲಿ, ಗಂಡನ ಬಾಟಲಿ, ಮಾವನವರ ಮಾತ್ರೆಯ ಲೋಟ ಇಷ್ಟು ತುಂಬುವಷ್ಟರಲ್ಲಿ ನಲ್ಲಿ ಗೊರಗೊರ ಎಂದಿತು. ಆಗ ಮನೆಯವರೆಲ್ಲರೂ ಮಾಡುವ ಕೆಲಸವನ್ನೇ ನಮ್ಮ ಮನೆಯವರೂ ಮಾಡಿದರು. ಒಬ್ಬೊಬ್ಬರಾಗಿ ಬಂದು ಫಿಲ್ಟರನ್ನು ಮುಂದಕ್ಕೆ ವಾಲಿಸಿ, ಅರ್ಧ ಲೋಟ ನೀರು ಹಿಡಿದು, ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಒಳಗೆ ಇಣುಕಿ, "ನೀರು ಇದೆಯಲ್ಲ?" ಎಂದು ನನ್ನನ್ನೇ ಕೇಳಿ ಹೋದರು.

ನೀರಿದೆ, ಇಳಿಯುತ್ತಿಲ್ಲ. ಕ್ಯಾಂಡಲ್‌ನ ಗೋಡೆಯಲ್ಲಿರುವ ರಂಧ್ರಗಳು ಒಂದು ಮೈಕ್ರಾನ್‌ಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ, ಚಿಕ್ಕವು. ಕೆಸರನ್ನೂ ಬ್ಯಾಕ್ಟೀರಿಯಾಗಳನ್ನೂ ಅದು ತಡೆಯುವುದು ಆ ಇಕ್ಕಟ್ಟಿನ ಬಲದಿಂದಲೇ. ಹಾಗೆ ತಡೆದದ್ದೆಲ್ಲ ಹೊರಮೈಯಲ್ಲೇ ಉಳಿದು, ದಿನ ಕಳೆದಂತೆ ಕಂದು ಬಣ್ಣದ ಜಾರು ಪದರವಾಗಿ, ಕೊನೆಗೆ ನೀರಿಗೂ ದಾರಿ ಬಿಡುವುದಿಲ್ಲ. ಇನ್ನು ನೀರನ್ನು ಒಳಕ್ಕೆ ತಳ್ಳುವುದು ಮೇಲೆ ನಿಂತಿರುವ ನೀರಿನ ಎತ್ತರವೊಂದೇ. ಆದ್ದರಿಂದ "ಇನ್ನೂ ಅರ್ಧ ಇದೆ" ಎಂದು ತುಂಬಿಸದೆ ಬಿಟ್ಟರೆ ಒತ್ತಡ ಇಳಿಯುತ್ತದೆ, ನೀರಿನಲ್ಲಿ ಮುಳುಗಿರುವ ಕ್ಯಾಂಡಲ್‌ನ ಭಾಗವೂ ಕಡಿಮೆಯಾಗುತ್ತದೆ, ಹನಿ ಇನ್ನಷ್ಟು ಸೋಮಾರಿಯಾಗುತ್ತದೆ. ಈ ಸಂಗತಿಯನ್ನು ನಾನು ಮನೆಯಲ್ಲಿ ಹಲವು ಬಾರಿ ವಿವರಿಸಿದ್ದೇನೆ. ಎಲ್ಲರೂ ತಲೆಯಾಡಿಸಿ ಖಾಲಿ ಲೋಟವನ್ನು ಅಲ್ಲೇ ಇಟ್ಟು ಹೋಗಿದ್ದಾರೆ.

ಅಂತೂ ಆ ಸಂಜೆ ಕ್ಯಾಂಡಲ್‌ಗಳನ್ನು ಬಿಚ್ಚಲು ಕುಳಿತೆ. ಮೊದಲು ಖಚಿತಪಡಿಸಿಕೊಳ್ಳೋಣವೆಂದು ಮೇಲಿನ ಪಾತ್ರೆಯನ್ನು ತುಂಬಿಸಿ, ಕೆಳಗಿನ ಪಾತ್ರೆಯೊಳಗೆ ಒಂದೊಂದು ಕ್ಯಾಂಡಲ್‌ನ ಕೊಳವೆಯಡಿ 200 ಮಿಲಿಲೀಟರಿನ ಒಂದೊಂದು ಲೋಟ ಇಟ್ಟು ಗಡಿಯಾರ ನೋಡಿದೆ. ಎರಡೂ ತುಂಬಲು ಸುಮಾರು 50 ನಿಮಿಷ ಹಿಡಿದವು. ರೋಗ ಇಬ್ಬರಿಗೂ ಸಮನಾಗಿಯೇ ಬಂದಿತ್ತು.

ತೊಳೆಯುವುದರಲ್ಲಿ ದೊಡ್ಡ ವಿದ್ಯೆಯಿಲ್ಲ, ಆದರೆ ತಪ್ಪು ಮಾಡಲು ಅವಕಾಶ ಧಾರಾಳವಾಗಿದೆ. ಹರಿಯುವ ನೀರಿನಡಿ ಮೆತ್ತನೆಯ ಬ್ರಷ್‌ನಿಂದ, ಬುಡದಿಂದ ತುದಿಯವರೆಗೆ, ಸುತ್ತಲೂ ಒಂದೇ ಹದದಲ್ಲಿ ಉಜ್ಜಬೇಕು. ಕೆಳಗಿನ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಹೊರಗಿನ ಕೊಳೆ ನೀರು ಒಳಗಿನ ಶುದ್ಧ ಪಕ್ಕಕ್ಕೇ ನುಗ್ಗುತ್ತದೆ. ಸೋಪು ತಾಗಿಸಬಾರದು. ಒಮ್ಮೆ ನನ್ನ ಗಂಡ ಸಹಾಯ ಮಾಡುವ ಉತ್ಸಾಹದಲ್ಲಿ ಪಾತ್ರೆ ತೊಳೆಯುವ ದ್ರವ ಹಾಕಿ ಉಜ್ಜಿದ್ದರು. ರಂಧ್ರಗಳು ಅದನ್ನು ಹೀರಿಕೊಂಡು, ಮುಂದಿನ ಹಲವು ದಿನ ನಾವು ನಿಂಬೆಯ ಪರಿಮಳದ ನೀರನ್ನು ಸುರಿಯುತ್ತಲೇ ಇದ್ದೆವು. ಈ ಬಾರಿ ಬಳಸಿದ್ದು ಒಂದು ಹೊಸ ಹಲ್ಲುಜ್ಜುವ ಬ್ರಷ್. ಅದು ಯಾರಿಗಾಗಿ ತಂದದ್ದು ಎಂಬ ವಿಚಾರಣೆ ಇನ್ನೂ ಮುಗಿದಿಲ್ಲ. ಉಜ್ಜಿದಂತೆ ಕಂದು ಪದರ ಜಾರಿ ಹೋಗಿ ಒಳಗಿನಿಂದ ಸೀಮೆಸುಣ್ಣದಂಥ ಬಿಳುಪು ಮೂಡುವುದನ್ನು ನೋಡುವಾಗ ಮಾತ್ರ, ಸುಳ್ಳೇಕೆ, ಸಿಟ್ಟು ಸ್ವಲ್ಪ ಇಳಿಯಿತು. ಹೊರಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಥ ಕ್ಯಾಂಡಲನ್ನು ಎಸೆಯಬೇಕಾಗುತ್ತದೆ, ಎರಡೂ ಸರಿಯಾಗಿದ್ದವು. ರಾತ್ರಿಯಿಡೀ ನೀರಿನಲ್ಲಿ ನೆನೆಸಿಟ್ಟೆ, ಏಕೆಂದರೆ ಒಣಗಿದ ಕ್ಯಾಂಡಲ್‌ನ ರಂಧ್ರಗಳಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಎಷ್ಟು ತೊಳೆದರೂ ಹನಿ ಮತ್ತೆ ಮೊಂಡಾಟ ಮಾಡುತ್ತದೆ.

ಬೆಳಿಗ್ಗೆ ಕೂರಿಸುವ ಶಾಸ್ತ್ರ. ಕ್ಯಾಂಡಲ್‌ನ ಪ್ಲಾಸ್ಟಿಕ್ ಬುಡಕ್ಕೂ ಪಾತ್ರೆಯ ತಳಕ್ಕೂ ನಡುವೆ ರಬ್ಬರ್ ವಾಷರ್ ಚಪ್ಪಟೆಯಾಗಿ ಕೂರಬೇಕು, ಕೊಳವೆ ತೂತಿನಲ್ಲಿ ನೇರವಾಗಿ ಇಳಿಯಬೇಕು, ಕೆಳಗಿನಿಂದ ನಟ್ಟನ್ನು ಬೆರಳಿನ ಬಲದಲ್ಲಷ್ಟೇ ತಿರುಗಿಸಬೇಕು. ತಿರುಗುವುದು ನಟ್ ಮಾತ್ರ. ಕ್ಯಾಂಡಲ್‌ನ ಬುಡವನ್ನು ಇನ್ನೊಂದು ಕೈ ಅಲುಗದಂತೆ ಹಿಡಿದಿರಬೇಕು. ಇದನ್ನೆಲ್ಲ ಶ್ರದ್ಧೆಯಿಂದ ಮಾಡಿ, ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಮಾವನವರು ಬಂದರು.

ಮಾವನವರ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಈ ಜಗತ್ತು ಸಡಿಲವಾಗಿದೆ ಎಂಬುದು ಅವರ ದೃಢವಾದ ನಂಬಿಕೆ. ಅವರು ಮುಚ್ಚಿದ ಬಾಟಲಿಯನ್ನು ಮನೆಯಲ್ಲಿ ಮತ್ತೊಬ್ಬರು ತೆರೆದ ಉದಾಹರಣೆಯಿಲ್ಲ. ಅವರು ನಿಲ್ಲಿಸಿದ ನಲ್ಲಿಯನ್ನು ತಿರುಗಿಸಲು ಒದ್ದೆ ಬಟ್ಟೆ ಬೇಕು. ನೆಂಟರ ಮನೆಗೆ ಹೋದರೂ ಕುರ್ಚಿಯಲ್ಲಿ ಕೂರುವ ಮೊದಲು ಅದರ ಕಾಲಿನ ಸ್ಕ್ರೂಗಳನ್ನು ಮುಟ್ಟಿ ನೋಡುತ್ತಾರೆ. ತಮ್ಮ ಕನ್ನಡಕದ ಸಣ್ಣ ತಿರುಪನ್ನು ಬಿಗಿ ಮಾಡಿ ಮಾಡಿ, ಈಗ ಅದರ ಒಂದು ಕಾಲು ಮಡಚುವುದೇ ಇಲ್ಲ. ಕನ್ನಡಕ ರಾತ್ರಿಯಿಡೀ ಮೇಜಿನ ಮೇಲೆ ಕೈ ಚಾಚಿಕೊಂಡೇ ಮಲಗುತ್ತದೆ. ಅಂಥವರ ಕಣ್ಣಿಗೆ ಬೆರಳಿನ ಬಲದಲ್ಲಿ ಬಿಗಿದ ನಟ್ ಬಿದ್ದರೆ?

"ಏನಮ್ಮಾ, ಬಿಗಿ ಮಾಡಿದೀಯಾ?"

"ಮಾಡಿದೀನಿ ಮಾವ. ಇನ್ನು ಮುಟ್ಟಬೇಡಿ."

"ಸುಮ್ಮನೆ ನೋಡ್ತೀನಿ."

ಮಾವನವರ ನೋಟ ಇರುವುದು ಬೆರಳಿನಲ್ಲಿ. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅವರು ನೋಡಿ ಮುಗಿಸಿದ್ದರು. ನಾನು ಪಾತ್ರೆಯನ್ನು ತುಂಬಿಸಿ ಬೇರೆ ಕೆಲಸಕ್ಕೆ ಹೋದೆ.

ಎರಡು ಗಂಟೆಯೊಳಗೆ ಮನೆಯಲ್ಲಿ ಸಂಭ್ರಮ. ಎಂಟು ಲೀಟರೂ ಇಳಿದಿತ್ತು! ತೊಳೆದ ನಂತರದ ಮೊದಲ ಪಾತ್ರೆಯ ನೀರನ್ನು ಚೆಲ್ಲುವುದು ಪದ್ಧತಿಯಾದ್ದರಿಂದ ಚೆಲ್ಲಿ ಮತ್ತೆ ತುಂಬಿಸಿದೆ. ಅದೂ ಹಾಗೆಯೇ ಇಳಿಯಿತು. ಗಂಡ ನನ್ನ ಕೈಗುಣವನ್ನು ಹೊಗಳಿದರು. ಮಗ ಬೇಕಿಲ್ಲದಿದ್ದರೂ ಎರಡು ಲೋಟ ಕುಡಿದ. ಮಾವನವರು ಮೇಲಿನ ಪಾತ್ರೆಯೊಳಗೆ ಇಣುಕಿ, "ನೋಡು, ಒಂದು ಹನಿ ಉಳಿಯದ ಹಾಗೆ ಇಳಿದಿದೆ. ಎಲ್ಲ ಬಿಗಿಯಲ್ಲಿರೋದು," ಎಂದರು.

ನಾನು ನಿಂತಲ್ಲೇ ನಿಂತೆ. ಒಂದು ಹನಿ ಉಳಿಯದ ಹಾಗೆ? ಕ್ಯಾಂಡಲ್‌ನ ಬಿಳಿಯ ಭಾಗ ಶುರುವಾಗುವುದು ಬೆರಳಗಲದ ಪ್ಲಾಸ್ಟಿಕ್ ಬುಡದ ಮೇಲಿನಿಂದ. ಅದಕ್ಕಿಂತ ಕೆಳಗಿನ ನೀರಿಗೆ ಒಳಹೋಗುವ ದಾರಿಯೇ ಇಲ್ಲ, ಅದು ಎಷ್ಟು ದಿನವಾದರೂ ತಳದಲ್ಲಿ ಉಳಿಯಲೇಬೇಕು. ತಳ ಒಣಗಿದೆ ಎಂದರೆ ನೀರು ಕ್ಯಾಂಡಲನ್ನು ಕೇಳದೆ ವಾಷರ್‌ನ ಪಕ್ಕದಿಂದಲೇ ಇಳಿದಿದೆ. ನೀರಿನ ಒತ್ತಡ ಅತಿ ಹೆಚ್ಚಾಗಿರುವುದೂ ತಳದಲ್ಲೇ ಆದ್ದರಿಂದ ಅಲ್ಲಿ ಸಣ್ಣ ಸಂದು ಸಿಕ್ಕರೂ ಸಾಕು. ಬೆಳಗಿನಿಂದ ನಾವು ಮೆಚ್ಚಿ ಮೆಚ್ಚಿ ಕುಡಿದದ್ದು ಬಹುಪಾಲು ನಲ್ಲಿಯ ನೀರನ್ನೇ.

ಮತ್ತೆ ಲೋಟಗಳನ್ನಿಟ್ಟೆ. ಎಡಗಡೆಯದು ತುಂಬಲು 10 ನಿಮಿಷ ಹಿಡಿಯಿತು. ಬಲಗಡೆಯದು ಎರಡೇ ನಿಮಿಷದಲ್ಲಿ ತುಂಬಿತು. ಮಗ ಶಾಲೆಯ ಪ್ರಯೋಗದ ಹುಮ್ಮಸ್ಸಿನಲ್ಲಿ ನೀರಿಗೆ ಬಣ್ಣ ಹಾಕಿ ಪರೀಕ್ಷಿಸೋಣ ಎಂದ. ಕರಗಿದ ಬಣ್ಣ ಒಳ್ಳೆಯ ಸೆರಾಮಿಕ್ ಕ್ಯಾಂಡಲ್‌ನಲ್ಲೂ ಉಪ್ಪಿನಂತೆಯೇ ಹಾದುಹೋಗುತ್ತದೆ, ಅದರಿಂದ ಯಾವುದೂ ರುಜುವಾಗುವುದಿಲ್ಲ ಎಂದು ಅವನನ್ನು ಕೂರಿಸಿದೆ. ಇದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಮೇಲಿನ ಪಾತ್ರೆಯನ್ನು ಖಾಲಿ ಮಾಡಿ, ಕ್ಯಾಂಡಲ್‌ಗಳ ಒಳಗೆ ಉಳಿದ ನೀರು ಪೂರ್ತಿ ಇಳಿಯುವವರೆಗೆ ಕಾದು, ಕೊಳವೆಗಳನ್ನು ಒರೆಸಿ, ಅಡಿಯಲ್ಲಿ ಒಣ ಕಾಗದ ಹಾಸಬೇಕು. ಬಳಿಕ ಪ್ಲಾಸ್ಟಿಕ್ ಬುಡ ಮುಳುಗುವಷ್ಟು, ಬಿಳಿಯ ಭಾಗಕ್ಕೆ ತಾಗದಷ್ಟು ಮಾತ್ರ ನೀರು ಹಾಕಬೇಕು. ಆ ನೀರಿಗೆ ನ್ಯಾಯವಾದ ದಾರಿಯಿಲ್ಲದ ಕಾರಣ ಕೆಳಗೆ ಬೀಳುವ ಪ್ರತಿ ಹನಿಯೂ ಕಳ್ಳನೇ. ಮನೆಮಂದಿಯೆಲ್ಲ ಬಗ್ಗಿ ಕಾಗದ ನೋಡುತ್ತ ಕುಳಿತೆವು. ಎಡಗಡೆ ಒಣಗಿಯೇ ಇತ್ತು. ಬಲಗಡೆಯ ನಟ್‌ನ ಪಕ್ಕದಲ್ಲಿ ಮಣಿಯಂತೆ ಹನಿಯೊಂದು ಕೂಡಿ, ನಡುಗಿ, ಟಪ್ ಎಂದು ಬಿತ್ತು.

ಯಾರೂ ಮಾವನವರ ಕಡೆ ನೋಡಲಿಲ್ಲ. ಎಲ್ಲರೂ ನೋಡಲಿಲ್ಲ ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತಾಯಿತು.

ಬಿಚ್ಚಿದಾಗ ವಾಷರ್ ಒಂದು ಕಡೆ ಸುಕ್ಕುಗಟ್ಟಿ ತೂತಿನ ಅಂಚಿನಿಂದ ಆಚೆಗೆ ಜಾರಿತ್ತು. ನಟ್ಟನ್ನು ಬಲವಾಗಿ ತಿರುಗಿಸಿದಾಗ ಕ್ಯಾಂಡಲ್ಲೂ ಅದರೊಂದಿಗೆ ತಿರುಗಿ, ರಬ್ಬರನ್ನು ಎಳೆದು ಮಡಚಿಬಿಟ್ಟಿತ್ತು. ಹೆಚ್ಚು ಬಿಗಿ ಮಾಡಿದ್ದರಿಂದಲೇ ಸೋರಿದೆ ಎಂದು ತೋರಿಸಿದೆ. ಮಾವನವರು ವಾಷರನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಒಂದು ಕಾಲದಲ್ಲಿ ಈ ಮನೆಯಲ್ಲಿ ಸೋರುವುದೆಲ್ಲ ಅವರ ಕೈಯಿಂದಲೇ ನಿಲ್ಲುತ್ತಿತ್ತು. ಈಗ ಏನು ಕೆಟ್ಟರೂ ನಾವು ಫೋನ್ ಮಾಡಿ ಯಾರನ್ನೋ ಕರೆಸುತ್ತೇವೆ. ಬಿಗಿ ಮಾಡಲು ಅವರ ಪಾಲಿಗೆ ಉಳಿದಿರುವುದು ಬಾಟಲಿಯ ಮುಚ್ಚಳ ಮತ್ತು ಈ ಎರಡು ನಟ್‌ಗಳು. ನನ್ನ ಭಾಷಣವನ್ನು ಅಲ್ಲಿಗೇ ನಿಲ್ಲಿಸಿ, "ಹೊಸ ವಾಷರ್ ನೀವೇ ಕೂರಿಸಿ ಮಾವ, ಬುಡ ನಾನು ಹಿಡಿದಿರ್ತೀನಿ," ಎಂದೆ. ಕೂರಿಸಿದರು. ಕೊನೆಯಲ್ಲಿ ಇನ್ನೊಂದು ಸುತ್ತಿಗೆ ಬೆರಳು ತವಕಿಸಿದ್ದು ಕಂಡಿತು, ನಾನು ಕೆಮ್ಮಿದೆ.

ಸೋರಿದ ನೀರು ಕೆಳಗಿನ ಪಾತ್ರೆಯನ್ನೂ ಅದರ ನಲ್ಲಿಯನ್ನೂ ಮುಟ್ಟಿದ್ದರಿಂದ ಅವೆರಡನ್ನೂ ಬಿಸಿನೀರಿನಿಂದ ತೊಳೆದು, ಕಾಗದದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ನೀರು ತುಂಬಿಸಿದೆ. ಈಗ ಎರಡು ಲೋಟಗಳೂ ಹತ್ತು ಹತ್ತು ನಿಮಿಷಕ್ಕೆ ತುಂಬುತ್ತಿವೆ, ರಾತ್ರಿ ಹಾಕಿದ ನೀರು ಬೆಳಿಗ್ಗೆಯ ಹೊತ್ತಿಗೆ ಇಳಿದಿರುತ್ತದೆ, ತಳದಲ್ಲಿ ಬೆರಳಗಲದ ನೀರು ಶಿಸ್ತಾಗಿ ಉಳಿದಿರುತ್ತದೆ. ಮನೆಯವರಿಗೆ ಮಾತ್ರ ತೃಪ್ತಿಯಿಲ್ಲ. ಎರಡು ಗಂಟೆಗೆ ಎಂಟು ಲೀಟರ್ ಕೊಡುತ್ತಿದ್ದ ಫಿಲ್ಟರನ್ನು ನಾನೇ ಕೈಯಾರೆ ಕೆಡಿಸಿದೆ ಎಂಬ ಭಾವನೆ ಊಟದ ಮೇಜಿನ ಸುತ್ತ ಇನ್ನೂ ಸುಳಿದಾಡುತ್ತಿದೆ.

ಮುನ್ನೆಚ್ಚರಿಕೆಯಾಗಿ ನಟ್‌ಗಳ ಮೇಲೂ ಪಕ್ಕದ ಸ್ಟೀಲಿನ ಮೇಲೂ ಒಂದೇ ನೇರಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟಿದ್ದೆ. ಇಂದು ಬೆಳಿಗ್ಗೆ ಪಾತ್ರೆ ಎತ್ತಿ ನೋಡಿದೆ. ಎಡಗಡೆಯ ಚುಕ್ಕೆಗಳು ಎದುರುಬದುರಾಗಿಯೇ ಇವೆ. ಬಲಗಡೆಯ ನಟ್ ಮೇಲಿನ ಚುಕ್ಕೆ ಮಾತ್ರ ಕಾಲು ಸುತ್ತು ಮುಂದೆ ಹೋಗಿದೆ.