ಸೆಂಡಾಫ್‌ಗೆ ಹೋಗಲಾಗಲಿಲ್ಲ, ಈಗ ಏನು ಬರೆಯುವುದು?

ತಿಂಗಳ ಕೊನೆಯ ದಿನ ಮುಂಬಯಿಯ ಯಾವುದಾದರೂ ಬ್ಯಾಂಕಿನಲ್ಲೋ ಸರ್ಕಾರಿ ಕಚೇರಿಯಲ್ಲೋ ಶಾಲು, ತೆಂಗಿನಕಾಯಿ, ಹೂಗುಚ್ಛ, ಸಮೋಸ ಇದ್ದೇ ಇರುತ್ತದೆ. ನಿವೃತ್ತಿಯ ವಯಸ್ಸು ತುಂಬಿದ ತಿಂಗಳ ಕೊನೆಯ ದಿನವೇ ಸೆಂಡಾಫ್. 1ನೇ ತಾರೀಕು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಗೇ ಮುಗಿಯುತ್ತದೆ. ದಿನಾಂಕ ವರ್ಷಗಳ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಅದಕ್ಕೇ ಹೋಗಲಾಗದಿದ್ದರೆ ಮುಜುಗರ ಜಾಸ್ತಿ. ಆ ಮುಜುಗರದಲ್ಲೇ ಜನ ರಾತ್ರಿ ಹತ್ತಕ್ಕೆ ಆಫೀಸ್ ಗ್ರೂಪಿನಲ್ಲಿ ಒಂದು ಉದ್ದದ ಮೆಸೇಜ್ ಹಾಕುತ್ತಾರೆ. ಮುಕ್ಕಾಲು ಭಾಗ ಮಳೆ, ಲೋಕಲ್, ಮೀಟಿಂಗ್, ಮಗುವಿನ ಜ್ವರ. ಕೊನೆಗೆ 'ಹ್ಯಾಪಿ ರಿಟೈರ್‌ಮೆಂಟ್' ಅಂತ ಒಂದು ಸಾಲು, ಜೊತೆಗೊಂದು ಕಮಲದ ಹೂವಿನ ಚಿತ್ರ.

ಇದರಲ್ಲಿ ತಪ್ಪಿರುವುದು ಭಾಷೆಯಲ್ಲ, ಒಂದರೊಳಗೆ ಎರಡು ತುರುಕಿರುವುದು. ಕ್ಷಮೆ ಬೇರೆ ಮೆಸೇಜು, ಬೀಳ್ಕೊಡುಗೆ ಬೇರೆ ಮೆಸೇಜು. ಕ್ಷಮೆ ಅದೇ ದಿನ ಹೋಗಬೇಕು, ಚಿಕ್ಕದಾಗಿರಬೇಕು. ಬೀಳ್ಕೊಡುಗೆಯ ಮಾತು ಮೂರ್ನಾಲ್ಕು ದಿನ ಬಿಟ್ಟು ಹೋಗಬೇಕು, ಅದರಲ್ಲಿ ನಿಮ್ಮ ಗೈರುಹಾಜರಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಇರಬಾರದು. ಎರಡನ್ನೂ ಸೇರಿಸಿದರೆ ಓದುವವರು ಹಿಡಿದುಕೊಳ್ಳುವುದು ಕ್ಷಮೆಯನ್ನೇ. 'ಅಯ್ಯೋ ಪರವಾಗಿಲ್ಲ ಬಿಡಿ' ಅಂತ ಬರೆದು ಮುಗಿಸುತ್ತಾರೆ. ಮೂವತ್ತು ವರ್ಷ ದುಡಿದು ಹೊರಡುವವರು ತಮ್ಮ ಕೊನೆಯ ದಿನ ನಿಮ್ಮನ್ನು ಸಮಾಧಾನ ಮಾಡುತ್ತ ಕೂರಬೇಕಾಗುತ್ತದೆ.

ಒಂದು ಸಂದರ್ಭ ಇಟ್ಟುಕೊಂಡು ನೋಡೋಣ. ಫೋರ್ಟ್‌ನ ಒಂದು ಬ್ಯಾಂಕ್ ಶಾಖೆ. ಜುಲೈ 31ಕ್ಕೆ ಹಿರಿಯ ಮೇಡಂ ಒಬ್ಬರ ನಿವೃತ್ತಿ, ಸಂಜೆ ನಾಲ್ಕೂವರೆಗೆ ಸೆಂಡಾಫ್. ಮನೆ ಡೊಂಬಿವಲಿ, ಊರು ಕುಮಟಾ, ಕೆಲವು ತಿಂಗಳಲ್ಲಿ ಅಲ್ಲಿಗೇ ಹೋಗುವವರು. ಮೊದಲು ಅವರ ಕೈಕೆಳಗಿದ್ದು ಈಗ ಠಾಣೆ ಶಾಖೆಯಲ್ಲಿರುವ ಹುಡುಗ ಮೂರು ಗಂಟೆಗೆ ಹೊರಟಿದ್ದಾನೆ. ಕುರ್ಲಾ–ಸಾಯನ್ ನಡುವೆ ಹಳಿ ಮೇಲೆ ನೀರು, ಗಾಡಿ ಮುಲುಂಡ್‌ನಲ್ಲೇ ನಿಂತಿತು. ಐದೂವರೆಗೆ ವಾಪಸ್ ಹೋದ.

ಅವನು ಆ ರಾತ್ರಿ ಕಳಿಸಬೇಕಾದದ್ದು ಇಷ್ಟೇ, ಅದೂ ಗ್ರೂಪಿನಲ್ಲಲ್ಲ, ಅವರ ನಂಬರಿಗೆ:

"ಮೇಡಂ, ಇವತ್ತು ಬರಲಾಗಲಿಲ್ಲ, ಕ್ಷಮಿಸಿ. ಮೂರಕ್ಕೆ ಹೊರಟಿದ್ದೆ, ಗಾಡಿ ಮುಲುಂಡ್‌ನಲ್ಲೇ ನಿಂತುಬಿಟ್ಟಿತು. ನೀವೆಲ್ಲ ಮನೆ ಸೇರಿದಿರಾ? ನಿಮಗೆ ಹೇಳಬೇಕಾದ ಮಾತು ಬಾಕಿ ಇದೆ, ಮೂರ್ನಾಲ್ಕು ದಿನ ಬಿಟ್ಟು ಬರೆಯುತ್ತೇನೆ."

ಮೂರನೇ ಸಾಲು ನೋಡಿ. ಅವನನ್ನು ತಡೆದ ಮಳೆ ಆ ಮೇಡಂಗೂ ಸುರಿದಿದೆ. ಸೆಂಡಾಫ್‌ಗೆ ಬಂದ ಗಂಡ, ಮಕ್ಕಳು, ಹೂಗುಚ್ಛ, ಹಣ್ಣಿನ ಬುಟ್ಟಿ, ಗಿಫ್ಟಿನ ಡಬ್ಬ ಎಲ್ಲ ಹಿಡಿದುಕೊಂಡು ಅದೇ ಸೆಂಟ್ರಲ್ ಲೈನಿನಲ್ಲಿ ಡೊಂಬಿವಲಿಗೆ ಹೋಗಬೇಕಾದವರು ಅವರು. ನಿಮ್ಮ ಕಷ್ಟ ಮಾತ್ರ ಹೇಳಿ ಅವರದನ್ನು ಕೇಳದಿದ್ದರೆ, ಕಾರಣ ಎಷ್ಟೇ ನಿಜವಾದರೂ ನೆವದ ಹಾಗೆ ಕಾಣುತ್ತದೆ.

ಕಾರಣದ ಬಗ್ಗೆ ಇನ್ನೊಂದು ಮಾತು. ಲೋಕಲ್ ಲೇಟು ಅನ್ನುವ ಸುಳ್ಳು ಈ ಊರಲ್ಲಿ ಸುಲಭಕ್ಕೆ ನಡೆಯುವುದಿಲ್ಲ. ಎಂ-ಇಂಡಿಕೇಟರ್ ಎಲ್ಲರ ಫೋನಿನಲ್ಲಿದೆ, ನಿಮ್ಮದೇ ಗಾಡಿಯಲ್ಲಿ ಬಂದು ಸಮೋಸ ತಿಂದು ಹೋದವರು ಒಬ್ಬರಾದರೂ ಇರುತ್ತಾರೆ. ಕೆಲಸದಿಂದ ತಪ್ಪಿದ್ದರೆ 'ನಾಲ್ಕಕ್ಕೆ ಆಡಿಟರ್ ಬಂದು ಕೂತರು, ಏಳಲಾಗಲಿಲ್ಲ' ಅಂದರೆ ಸಾಕು. ಮರೆತೇ ಹೋಗಿದ್ದರೆ 'ತಾರೀಕು ನನ್ನ ತಲೆಯಿಂದ ಜಾರಿತು, ತಪ್ಪು ನನ್ನದು' ಅಂತ ನೇರ ಬರೆಯುವುದೇ ಒಳ್ಳೆಯದು. ಓದಿದಾಗ ಒಂದು ಕ್ಷಣ ಚುಚ್ಚುತ್ತದೆ ನಿಜ. ಆದರೆ ಸುಳ್ಳು ಮುಂದಿನ ವಾರ ಯಾರದೋ ಬಾಯಿಂದ ಹೊರಬಿದ್ದರೆ ಆಗುವ ನೋವಿಗೆ ಹೋಲಿಸಿದರೆ ಅದು ಏನೂ ಅಲ್ಲ. 'ಅನಿವಾರ್ಯ ಕಾರಣಗಳಿಂದ' ಅನ್ನುವುದನ್ನಂತೂ ರಜೆ ಅರ್ಜಿಗೆ ಬಿಟ್ಟುಬಿಡಿ.

ಈಗ ಎರಡನೆಯದು. ಯಾಕೆ ಮೂರ್ನಾಲ್ಕು ದಿನ? ಕೊನೆಯ ದಿನ ಮತ್ತು ಮರುದಿನ ಫೋನು ಮೆಸೇಜುಗಳಿಂದ ತುಂಬಿರುತ್ತದೆ. ಎಲ್ಲರಿಗೂ ಕೈಮುಗಿದ ಇಮೋಜಿ ಹಾಕಿ ಮುಂದೆ ಹೋಗುತ್ತಾರೆ, ನಿಮ್ಮದೂ ಅದರಲ್ಲೇ ಕೊಚ್ಚಿಹೋಗುತ್ತದೆ. ಮೂರನೇ ದಿನದ ಹೊತ್ತಿಗೆ ಫೋನು ಸುಮ್ಮನಾಗುತ್ತದೆ. ಇಷ್ಟು ವರ್ಷ ಎಂಟರ ಗಾಡಿ ಹಿಡಿಯುತ್ತಿದ್ದವರು ಮನೆಯಲ್ಲಿ ಬೆಳಗಿನ ಹನ್ನೊಂದು ಗಂಟೆ ಹೇಗಿರುತ್ತದೆಂದು ಆಗಷ್ಟೇ ನೋಡುತ್ತಿರುತ್ತಾರೆ. ಆ ಹೊತ್ತಿಗೆ ಬಂದ ಮೆಸೇಜನ್ನು ಪೂರ್ತಿ ಓದುತ್ತಾರೆ, ಮನೆಯವರಿಗೂ ಓದಿ ಹೇಳುತ್ತಾರೆ. ಹತ್ತು ದಿನ ದಾಟಿಸಬೇಡಿ. ದಾಟಿತೋ, ಆಗಲೂ ಕಳಿಸಿ, ತಡವಾದದ್ದಕ್ಕೆ ಮತ್ತೊಂದು ವಿವರಣೆ ಮಾತ್ರ ಬೇಡ.

ಬರೆಯುವ ಮೊದಲು ಸೆಂಡಾಫ್‌ಗೆ ಹೋದ ಒಬ್ಬರಿಗೆ ಫೋನ್ ಮಾಡಿ ಏನೇನಾಯಿತು ಕೇಳಿ: ಯಾರು ಮಾತಾಡಿದರು, ಮನೆಯಿಂದ ಯಾರು ಬಂದಿದ್ದರು. ಇದು ಬರೆಯುವುದಕ್ಕಲ್ಲ, ಎಡವದಿರುವುದಕ್ಕೆ. ಫೋಟೊ ನೋಡಿ 'ಕಾರ್ಯಕ್ರಮ ತುಂಬಾ ಚೆನ್ನಾಗಿ ಆಯಿತು' ಅಂತ ಅಲ್ಲಿದ್ದವರ ಹಾಗೆ ಬರೆಯುವುದು ಬಹಳ ಜನ ಮಾಡುವ ತಪ್ಪು. ಗಿಫ್ಟಿನ ವಂತಿಗೆ ಕೊಟ್ಟಿಲ್ಲವೆಂದರೆ ಸಂಗ್ರಹಿಸಿದವರಿಗೆ ಅದೇ ದಿನ ಯುಪಿಐ ಮಾಡಿ, ಮೆಸೇಜಿನಲ್ಲಿ ಅದರ ಸುದ್ದಿ ಎತ್ತಬೇಡಿ.

ಇನ್ನು ಮುಖ್ಯ ವಿಷಯ, ಒಳಗೆ ಏನಿರಬೇಕು. 'ನಿಮ್ಮಿಂದ ತುಂಬಾ ಕಲಿತೆ' ಅನ್ನುವುದನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಅದಕ್ಕೇ ಯಾರಿಗೂ ತಟ್ಟುವುದಿಲ್ಲ. ನಿಮ್ಮನ್ನೇ ಕೇಳಿಕೊಳ್ಳಿ: ಈ ವ್ಯಕ್ತಿ ಇಲ್ಲದಿದ್ದರೆ ನಾನು ಯಾವ ಕೆಲಸವನ್ನು ಬೇರೆ ರೀತಿ ಮಾಡುತ್ತಿದ್ದೆ? ಸಿಗುವ ಉತ್ತರ ಒಂದೇ ಆಗಿದ್ದರೂ ಸಾಕು, ಅದೇ ಮೆಸೇಜು. ನಮ್ಮ ಠಾಣೆಯ ಹುಡುಗನದು ಹೀಗಿರಬಹುದು, ಆಗಸ್ಟ್ 4ರ ಬೆಳಿಗ್ಗೆ ಹನ್ನೊಂದಕ್ಕೆ:

"ಮೇಡಂ, ನಮಸ್ಕಾರ. ನಾನು ಫೋರ್ಟ್‌ಗೆ ಬಂದ ಹೊಸದರಲ್ಲಿ ಮಾರ್ಚ್ ಕ್ಲೋಸಿಂಗ್ ದಿನ ಲೆಕ್ಕ ಟ್ಯಾಲಿ ಆಗದೆ 180 ರೂಪಾಯಿ ವ್ಯತ್ಯಾಸ ಬಂದಿತ್ತು. ನಾನು ವೋಚರುಗಳನ್ನೆಲ್ಲ ಮೊದಲಿಂದ ತಿರುವುತ್ತ ಕೂತಿದ್ದೆ. ನೀವು ಬಂದು 'ಒಂಬತ್ತರಿಂದ ಭಾಗ ಹೋಗುತ್ತದಲ್ಲ, ಎಲ್ಲೋ ಅಂಕಿ ಅದಲುಬದಲಾಗಿದೆ, ಅದನ್ನಷ್ಟೇ ಹುಡುಕು' ಅಂದಿರಿ. 1,860 ಇದ್ದದ್ದನ್ನು ನಾನೇ 1,680 ಅಂತ ಹೊಡೆದಿದ್ದೆ. ನೀವು ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಈಗ ಇಲ್ಲಿ ಹೊಸಬರು ಬಂದಾಗ ನಾನು ಮೊದಲು ಹೇಳಿಕೊಡುವುದು ಇದನ್ನೇ.

ಅವತ್ತು ಎದುರಿಗೆ ನಿಂತು ಹೇಳಬೇಕೆಂದಿದ್ದೆ, ಆಗಲಿಲ್ಲ.

ನೀವು ಕುಮಟಾಕ್ಕೆ ಹೊರಡುವ ಮೊದಲು ಒಮ್ಮೆ ಕಾಣುವ ಆಸೆ. ಈ ಎರಡನೇ ಶನಿವಾರ ನನಗೆ ರಜೆ, ನಿಮಗೆ ಅನುಕೂಲವಾದರೆ ಬೆಳಿಗ್ಗೆ ಹತ್ತರ ಮೇಲೆ ಬರುತ್ತೇನೆ. ಇಲ್ಲವೆಂದರೆ ನಾಲ್ಕನೇ ಶನಿವಾರ. ಸರ್‌ಗೆ ನನ್ನ ನಮಸ್ಕಾರ ತಿಳಿಸಿ."

ಈ ಒಂಬತ್ತರ ಲೆಕ್ಕ ಬ್ಯಾಂಕಿನವರಿಗೆಲ್ಲ ಗೊತ್ತಿರುವುದೇ: ಪಕ್ಕಪಕ್ಕದ ಅಂಕಿ ಹಿಂದುಮುಂದಾದರೆ ವ್ಯತ್ಯಾಸ ಯಾವಾಗಲೂ 9ರ ಗುಣಕ. ಆದರೆ ಆ ಸಂಜೆ, ಆ ಮೊತ್ತ, ಆ ಬೈಯದಿದ್ದದ್ದು ಅವರಿಬ್ಬರಿಗೆ ಮಾತ್ರ ಸೇರಿದ್ದು. ಒಂದು ಎಚ್ಚರಿಕೆ. ಪ್ರಸಂಗದಲ್ಲಿ ತಪ್ಪು ಮಾಡಿದವರು ನೀವಾಗಿರಬೇಕು, ಹೊರಡುವವರಲ್ಲ. ಗ್ರಾಹಕರ ಹೆಸರು, ಖಾತೆಯ ವಿವರ ಏನೂ ಬರಬಾರದು, ಯಾಕೆಂದರೆ ಒಳ್ಳೆಯ ಮೆಸೇಜು ಫಾರ್ವರ್ಡ್ ಆಗಿಯೇ ಆಗುತ್ತದೆ. 'ಒಂದಿನ ಖಂಡಿತ ಸಿಗೋಣ' ಅಂತ ಬರೆಯುವುದಾದರೆ ದಿನ ಹಾಕಿ, ಇಲ್ಲವಾದರೆ ಆ ಸಾಲೇ ಬೇಡ. ಒಮ್ಮೆ ತಪ್ಪಿಸಿದವರು ಕೊಡುವ ತಾರೀಕಿಲ್ಲದ ಮಾತನ್ನು ಯಾರು ನಂಬುತ್ತಾರೆ?

ಎಲ್ಲಿಗೆ ಕಳಿಸಬೇಕು ಅನ್ನುವುದರಲ್ಲೂ ಜನ ಎಡವುತ್ತಾರೆ. ಆಫೀಸಿನ ಇಮೇಲ್ ಬೇಡವೇ ಬೇಡ. ಕೊನೆಯ ದಿನ ಸಂಜೆಗೇ ಆ ಐಡಿ ಬಂದ್ ಆಗಿರಬಹುದು. ಮೇಲ್ ವಾಪಸ್ ಬರಲಿಲ್ಲ ಅಂದರೆ ತಲುಪಿತು ಅಂತಲೂ ಅಲ್ಲ. ಎಷ್ಟೋ ಕಡೆ ಹೋದವರ ಮೇಲನ್ನು ಮ್ಯಾನೇಜರಿಗೋ ಅವರ ಜಾಗಕ್ಕೆ ಬಂದವರಿಗೋ ತಿರುಗಿಸಿಟ್ಟಿರುತ್ತಾರೆ. ನೀವು ಮನಸ್ಸು ಬಿಚ್ಚಿ ಬರೆದದ್ದನ್ನು ಯಾರೋ ಮೂರನೆಯವರು ಓದುತ್ತಾರೆ. ನಿಮ್ಮ ಹತ್ತಿರ ಇರುವ ಮೊಬೈಲ್ ನಂಬರು ಆಫೀಸು ಕೊಟ್ಟ ಸಿಮ್ಮಿನದಾ ಅಂತಲೂ ನೋಡಿ, ಆ ಸಿಮ್ಮನ್ನು ವಾಪಸ್ ಕೊಟ್ಟು ಹೋಗಿರುತ್ತಾರೆ. ಸ್ವಂತ ನಂಬರನ್ನು ಅವರ ಆಪ್ತರಿಂದ ಕೇಳಿ ಪಡೆಯಿರಿ.

ಮುಂಬಯಿ ಕನ್ನಡಿಗರಿಗೇ ಇರುವ ಒಂದು ತೊಡಕೂ ಇದೆ. ಇಲ್ಲೇ ಹುಟ್ಟಿ ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಎಷ್ಟೋ ಜನ ಸೊಗಸಾಗಿ ಕನ್ನಡ ಮಾತಾಡುತ್ತಾರೆ, ಲಿಪಿ ಓದಲು ಬರುವುದಿಲ್ಲ. ಅವರಿಗೆ ಕನ್ನಡ ಅಕ್ಷರದಲ್ಲಿ ಕಳಿಸಿದರೆ ಮಾಟುಂಗದ ಅತ್ತೆಯ ಹತ್ತಿರ ಓದಿಸಬೇಕಾಗುತ್ತದೆ. ಅಂಥವರಿಗೆ ವಾಯ್ಸ್ ನೋಟ್ ಒಳ್ಳೆಯದು, ಒಂದು ನಿಮಿಷದೊಳಗೆ. ಕಾಗದದಲ್ಲಿ ಬರೆದುಕೊಂಡು, ಪ್ಲಾಟ್‌ಫಾರ್ಮಿನ ಗದ್ದಲ ಇಲ್ಲದ ಕಡೆ ನಿಂತು ಮಾತಾಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದರೂ ತಪ್ಪೇನಿಲ್ಲ, ನಾಲ್ಕು ಸಾಲು ದಾಟಿದರೆ ಓದುವುದು ಹಿಂಸೆ ಅಷ್ಟೇ.

ಮೆಸೇಜು ಸಾಲದ ಸಂದರ್ಭಗಳೂ ಇವೆ. ನೀವು ಮಾತಾಡಬೇಕಾದವರ ಪಟ್ಟಿಯಲ್ಲಿದ್ದಿರಿ, ಅಥವಾ ಗಿಫ್ಟು ನಿಮ್ಮ ಕೈಲೇ ಇತ್ತು ಅಂದರೆ ಅದೇ ಸಂಜೆ ಫೋನ್ ಮಾಡಲೇಬೇಕು. ಅಂಥ ಕಡೆ ಬರಹ ತಪ್ಪಿಸಿಕೊಳ್ಳುವ ದಾರಿಯಂತೆ ಕಾಣುತ್ತದೆ.

ಕಳಿಸಿದ ಮೇಲೆ ನೀಲಿ ಟಿಕ್ ಬಂದು ಉತ್ತರ ಬರದಿದ್ದರೆ ಕೆದಕಬೇಡಿ. ಪಿಂಚಣಿಯ ಕಾಗದಪತ್ರ, ಮನೆ ಖಾಲಿ ಮಾಡುವ ತಯಾರಿ, ನೆಂಟರು ಅಂತ ನೂರೆಂಟಿರುತ್ತದೆ. ಶನಿವಾರದ ವಿಷಯ ಮಾತ್ರ ಗುರುವಾರ ಒಮ್ಮೆ ಫೋನಿನಲ್ಲಿ ಕೇಳಿ. 'ಪರವಾಗಿಲ್ಲಪ್ಪ, ಬಾ' ಅಂತ ಬಂದರೆ ಮತ್ತೆ ಸಾರಿ ಶುರುಮಾಡದೆ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಬರೆಯಿರಿ. ಊಟಕ್ಕೆ ಇರುತ್ತೀರೋ ಇಲ್ಲವೋ ಅದನ್ನೂ ಹೇಳಿಬಿಡಿ, ಕುಮಟಾದವರು ಮೀನು ತರಿಸಿಟ್ಟಿರುತ್ತಾರೆ.