ಕೌದಿಗೆ ಬಿಲ್ ಎಲ್ಲಿಂದ ತರಲಿ?

ಹುಬ್ಬಳ್ಳಿ ವಿಮಾನ ನಿಲ್ದಾಣದ ಒಂದು ಅನುಕೂಲವೆಂದರೆ, ನಿಮ್ಮ ಬ್ಯಾಗು ಬಂದಿಲ್ಲ ಅನ್ನೋದು ಬೇಗ ಗೊತ್ತಾಗುತ್ತದೆ. ದೆಹಲಿಯಂಥ ಕಡೆ ಬೆಲ್ಟಿನ ಮುಂದೆ ಮುಕ್ಕಾಲು ತಾಸು ಆಸೆ ಇಟ್ಟುಕೊಂಡು ನಿಲ್ಲಬಹುದು. ಇಲ್ಲಿ ಹತ್ತು ನಿಮಿಷಕ್ಕೆ ಎಲ್ಲರೂ ತಂತಮ್ಮ ಬ್ಯಾಗು ಎಳೆದುಕೊಂಡು ಗೋಕುಲ ರಸ್ತೆ ಹಿಡಿದಿದ್ದರು. ಬೆಲ್ಟಿನ ಮೇಲೆ ಯಾರದೋ ಒಂದು ರಟ್ಟಿನ ಡಬ್ಬಿ ಮೂರನೇ ಸುತ್ತು ಹೊಡೆಯುತ್ತಿತ್ತು. ಅದೂ ನಿಂತಿತು.

ನಮ್ಮವು ಎರಡು ಬ್ಯಾಗು. ನೀಲಿಯದು ಬಂತು. ಕೆಂಪು ಬರಲಿಲ್ಲ.

"ಕೌದಿ ಯಾವುದ್ರಾಗ ಇತ್ತು?" ಅಂದೆ.

ನನ್ನ ಹೆಂಡತಿ ಉತ್ತರ ಕೊಡಲಿಲ್ಲ. ಅಷ್ಟರಲ್ಲೇ ತಿಳಿಯಿತು.

ಮಗಳ ಬಾಣಂತನಕ್ಕೆ ಹೋಗಿ ಎರಡು ತಿಂಗಳು ದೆಹಲಿಯಲ್ಲಿದ್ದು ಬಂದವರು ನಾವು. ಆ ಕೌದಿ ನಮ್ಮವ್ವ ಹೊಲಿದದ್ದು. ಮನೆಯಲ್ಲಿ ಯಾವ ಕೂಸು ಹುಟ್ಟಿದರೂ ಮೊದಲು ಅದರ ಮೇಲೆಯೇ ಮಲಗಬೇಕು. ಮುಂದಿನ ಸರದಿ ಹಾವೇರಿಯಲ್ಲಿರುವ ಮಗನ ಮನೆಯದು, ಅದಕ್ಕೇ ದೆಹಲಿಯಿಂದ ವಾಪಸು ತರುತ್ತಿದ್ದೆವು. ಒಟ್ಟಿನಲ್ಲಿ ನಮ್ಮ ಮನೆಯವರೆಲ್ಲರಿಗಿಂತ ಹೆಚ್ಚು ತಿರುಗಾಡಿದ್ದು ಆ ಕೌದಿ.

ಕೌಂಟರಿನಲ್ಲಿದ್ದ ಹುಡುಗ ಒಳ್ಳೆಯವನು, ಗದಗಿನ ಕಡೆಯವನು. "ಸರ್, ನೀವು ಮನೀಗೆ ಹೋಗ್ರಿ, ನಾಳಿನ ವಿಮಾನಕ್ಕ ಬಂದ್ರ ಫೋನ್ ಮಾಡ್ತೀವಿ" ಅಂದ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಾನೂ ಸಾವಿರಾರು ಮಂದಿಗೆ "ನಾಳೆ ಬರ್ರಿ" ಅಂದವನು. ಆ ಮಾತಿನ ಬೆಲೆ ನನಗೆ ಗೊತ್ತು. ಕಾಗದ ಕೊಟ್ಟ ಹೊರತು ಹೊರಬೀಳೋದಿಲ್ಲ ಅಂತ ಕೂತೆ. ಆಗ ಪಿಐಆರ್ ಅನ್ನೋ ವರದಿ ತಯಾರಾಯಿತು. ಬ್ಯಾಗಿನ ಬಣ್ಣ, ಆಕಾರ, ಗಾಲಿ ಎಷ್ಟು, ಮೇಲೆ ಗುರುತೇನಾದರೂ ಇದೆಯೋ ಎಂದೆಲ್ಲ ಕೇಳಿದ. "ಹಿಡಿಕೀಗೆ ಹಸಿರು ಖಣದ ತುಂಡು ಕಟ್ಟೀನಿ" ಅಂದಳು ಇವಳು. ಅದಕ್ಕೆ ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ. "ರಿಬ್ಬನ್" ಅಂತ ಹಾಕಿಕೊಂಡ.

ವರದಿಯ ನಂಬರು HBX××24817. ಮೊದಲ ಮೂರಕ್ಷರ ಹುಬ್ಬಳ್ಳಿ ನಿಲ್ದಾಣದ ಗುರುತು. ಮುಂದಿನ ಎರಡು ವಿಮಾನ ಸಂಸ್ಥೆಯದು, ಅದನ್ನು ಮರ್ಯಾದೆಗಾಗಿ ಮುಚ್ಚಿದ್ದೇನೆ, ಯಾರ ಮರ್ಯಾದೆ ಅಂತ ಕೇಳಬೇಡಿ. ಉಳಿದದ್ದು ಐದಂಕಿ. ಒಟ್ಟು ಹತ್ತು.

ಇಲ್ಲಿ ನಾನೊಂದು ಶುದ್ಧ ದಡ್ಡತನ ಮಾಡಿದೆ. ಬೋರ್ಡಿಂಗ್ ಪಾಸಿಗೆ ಅಂಟಿಸಿ ಕೊಡುವ ಬ್ಯಾಗೇಜ್ ಚೀಟಿ ಇರುತ್ತದಲ್ಲ, ಅದರ ಮೇಲೂ ಹತ್ತಂಕಿಯ ನಂಬರಿರುತ್ತದೆ. ಮರುದಿನದಿಂದ ಬರೆದ ಪತ್ರಕ್ಕೆಲ್ಲ ಆ ನಂಬರು ಹಾಕಿದೆ. "ಈ ಸಂಖ್ಯೆಯ ದೂರು ನಮ್ಮಲ್ಲಿಲ್ಲ" ಅಂತ ಎಂಟು ದಿನ ಒಂದೇ ಉತ್ತರ. ನಾನು ಸಿಟ್ಟಿಗೆದ್ದು ಅದೇ ನಂಬರನ್ನು ದಪ್ಪ ಅಕ್ಷರದಲ್ಲಿ ಹಾಕಿ ಮತ್ತೆ ಕಳಿಸಿದೆ. ಚೀಟಿಯ ನಂಬರು ಬ್ಯಾಗಿನದು, ಪಿಐಆರ್ ನಂಬರು ದೂರಿನದು ಅಂತ ಕೊನೆಗೆ ಅದೇ ಗದಗಿನ ಹುಡುಗ ಬಿಡಿಸಿ ಹೇಳಿದ. ಖಾತೆ ನಂಬರಿನ ಜಾಗದಲ್ಲಿ ಚೆಕ್ ನಂಬರು ಬರೆದುಕೊಂಡು ಬರುತ್ತಿದ್ದ ಗಿರಾಕಿಗಳ ಮೇಲೆ ನಾನು ಹರಿಹಾಯ್ದದ್ದೆಲ್ಲ ನೆನಪಾಯಿತು.

ಅವನೇ ಇನ್ನೊಂದು ಮಾತು ಹೇಳಿದ. ಪಿಐಆರ್ ಅಂದರೆ ಬ್ಯಾಗು ಬಂದಿಲ್ಲ ಅನ್ನೋ ವರದಿ ಅಷ್ಟೇ, ಪರಿಹಾರದ ಅರ್ಜಿ ಅಲ್ಲ. ಅರ್ಜಿ ಬೇರೆ ಬರೆಯಬೇಕು. 1972ರ ವಿಮಾನ ಸಾಗಣೆ ಕಾಯ್ದೆಯ ಪ್ರಕಾರ ಬ್ಯಾಗು ಮುಟ್ಟಬೇಕಿದ್ದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಅದು ಕಳೆದುಹೋದಂತೆಯೇ ಲೆಕ್ಕ, ಹಕ್ಕು ಕೇಳಬಹುದು. ಅಲ್ಲಿಯವರೆಗೆ ಅದು "ತಡವಾದ" ಬ್ಯಾಗು. ಹೀಗಾಗಿ ಧಾರವಾಡದ ನಮ್ಮ ಮನೆಯಲ್ಲಿ ಇಪ್ಪತ್ತೊಂದು ದಿನದ ಒಂದು ವ್ರತವೇ ನಡೆಯಿತು. ಇವಳು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿದಳು. ಇಪ್ಪತ್ತೆರಡನೇ ದಿನ ನಾನು ಪೆನ್ನು ಹಿಡಿದೆ.

ಪಟ್ಟಿ ಸುಲಭ ಅಂದುಕೊಂಡಿದ್ದೆ. ಬ್ಯಾಗು 3,200 ರೂಪಾಯಿ, ಎರಡು ವರ್ಷ ಹಳೆಯದು, ಬಿಲ್ ಇದೆ. ಮಗಳು ಅಲ್ಲೇ ಕೊಡಿಸಿದ ಸೀರೆ 6,400, ಬಿಲ್ ಅವಳ ಫೋನಿನಲ್ಲಿದೆ. ನನ್ನ ಸ್ವೆಟರು 2,150, ಕನ್ನಡಕ 2,600, ಔಷಧಿ 840, ಮೂರಕ್ಕೂ ಬಿಲ್ ಇವೆ. ಇವಳ ಎರಡು ಇಳಕಲ್ ಸೀರೆ 7,300. ಅವನ್ನು ಕೊಂಡದ್ದು ಜವಳಿ ಸಾಲಿನಲ್ಲಿ, ಅರ್ಧ ತಾಸು ಚೌಕಾಶಿ ಮಾಡಿ. ಅಂಗಡಿಯವ ಸೋತು ಹಾಳೆ ಚೂರಿನ ಮೇಲೆ ಮೊತ್ತ ಗೀಚಿಕೊಟ್ಟಿದ್ದ, ಅದನ್ನು ಇವಳು ಅಂದೇ ಬಿಸಾಡಿದ್ದಳು.

"ರೊಟ್ಟಿ ಬರದ್ರೇನು?"

ಅಳಿಯನಿಗೆ ಹಲ್ಲುನೋವಿದ್ದದ್ದರಿಂದ ಉಳಿದ ಹದಿನೆಂಟು ಕಟಕ ರೊಟ್ಟಿಯನ್ನೂ ಅದೇ ಬ್ಯಾಗಿನಲ್ಲಿ ವಾಪಸು ತರುತ್ತಿದ್ದೆವು. ಬೇಗ ಕೆಡುವ ಪದಾರ್ಥಕ್ಕೆ ಪರಿಹಾರ ಇಲ್ಲ ಅಂತ ಸಂಸ್ಥೆಯ ನಿಯಮದಲ್ಲಿದೆ ಅಂದೆ. "ಕಟಕ ರೊಟ್ಟಿ ಕೆಡ್ತಾವು ಅಂತ ಯಾರ್ ಹೇಳ್ಯಾರ ಅವ್ರಿಗೆ? ಬ್ಯಾಗಿಗಿಂತ ಹೆಚ್ಚು ದಿನ ಬಾಳ್ತಾವು, ಬರೀರಿ" ಅಂದಳು. ಬರೆದೆ. ಒಂದಕ್ಕೆ ಹತ್ತು ರೂಪಾಯಿಯಂತೆ 180.

ಆಮೇಲೆ ಕೌದಿ.

ನಮೂನೆಯಲ್ಲಿ ನಾಲ್ಕು ಕಾಲಂ. ವಸ್ತು, ಕಂಪನಿ, ಕೊಂಡ ದಿನಾಂಕ, ಕೊಂಡ ಬೆಲೆ. ಕಂಪನಿ: ನಮ್ಮವ್ವ. ಕೊಂಡ ದಿನಾಂಕ: ಕೊಂಡಿಲ್ಲ. ನಟ್ಟನಡುವೆ ಅವಳ ಎರಡು ಹಳೆಯ ಸೀರೆ, ಸುತ್ತ ಅಪ್ಪನ ಧೋತರ, ಅಲ್ಲಲ್ಲಿ ಅಕ್ಕನ ಲಂಗ, ಒಂದು ಮೂಲೆಗೆ ನನ್ನ ಏಳನೇ ಇಯತ್ತೆಯ ಖಾಕಿ ಚಡ್ಡಿಯ ಜೇಬು. ಆ ಜೇಬನ್ನು ಜೇಬಾಗಿಯೇ ಬಿಟ್ಟು ಹೊಲಿದಿದ್ದಳು, ನನ್ನ ಮಕ್ಕಳು ಅದರೊಳಗೆ ಶೇಂಗಾ ಮುಚ್ಚಿಡುತ್ತಿದ್ದರು. ಹಳೆಯ ವಸ್ತುವಿಗೆ ಸವಕಳಿ ಕಳೆಯುತ್ತಾರೆ, ಸರಿ. ಆದರೆ ಕೌದಿ ಹುಟ್ಟೋದೇ ಪೂರ್ತಿ ಸವೆದ ಬಟ್ಟೆಯಿಂದ. ಅದರಲ್ಲಿ ಇನ್ನೇನು ಕಳೆಯುತ್ತಾರೆ? ಬಹಳ ಯೋಚಿಸಿ 5,000 ಅಂತ ಹಾಕಿದೆ. "ಅತ್ತಿ ಕೇಳಿದ್ರ ಬೈತಿದ್ರು" ಅಂದಳು. ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಹೇಳಲಿಲ್ಲ.

ಒಟ್ಟು 27,670. ದೇಶದೊಳಗಿನ ಪ್ರಯಾಣದಲ್ಲಿ ಬ್ಯಾಗು ಕಳೆದರೆ ಒಬ್ಬ ಪ್ರಯಾಣಿಕನಿಗೆ 20,000 ರೂಪಾಯಿ ಮಿತಿ. ಹೆಚ್ಚಿನ ಬೆಲೆಯದಿದ್ದರೆ ಬ್ಯಾಗು ಒಪ್ಪಿಸುವಾಗಲೇ ಕೌಂಟರಿನಲ್ಲಿ ಬೆಲೆ ಘೋಷಿಸಿ, ಕೇಳಿದಷ್ಟು ಹೆಚ್ಚುವರಿ ಹಣ ಕಟ್ಟಬೇಕಿತ್ತು. ಬೆಳಗಿನ ಐದಕ್ಕೆ ದೆಹಲಿಯ ಸಾಲಿನಲ್ಲಿ ನಿಂತು "ನನ್ನ ಬಳಿ ಒಂದು ಕೌದಿ ಇದೆ, ಘೋಷಿಸುತ್ತೇನೆ" ಅಂತ ಯಾರು ಹೇಳಿಯಾರು? ಅದಕ್ಕೆ ಕೇಳುವುದೇನಿದ್ದರೂ 20,000 ಅಂತ ಬರೆದು, ಪಿಐಆರ್, ಬೋರ್ಡಿಂಗ್ ಪಾಸು, ಬ್ಯಾಗೇಜ್ ಚೀಟಿ, ಬಿಲ್ಲುಗಳು, ಮತ್ತು ಇಳಕಲ್ ಸೀರೆ ಉಟ್ಟು ಇವಳು ಮಗನ ಮದುವೆಯಲ್ಲಿ ನಿಂತ ಎರಡು ಫೋಟೋ ಲಗತ್ತಿಸಿದೆ. ನಾನು ಕನ್ನಡದಲ್ಲಿ ಬರೆದದ್ದನ್ನು ಮಗಳು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು.

ಇಪ್ಪತ್ತು ಸಾವಿರ ಮಿತಿಯೇ ಹೊರತು ದರ ಅಲ್ಲ ಅನ್ನೋದು ಉತ್ತರ ಬಂದಾಗ ಮನದಟ್ಟಾಯಿತು. ಬ್ಯಾಗಿಗೆ ಸವಕಳಿ ಕಳೆದು 1,600. ಹೊಸ ಸೀರೆಗೆ ಪೂರ್ತಿ 6,400. ಸ್ವೆಟರಿಗೆ 1,400. ಕನ್ನಡಕ ಒಡೆಯುವ ವಸ್ತು, ಔಷಧಿ ಕೈಚೀಲದಲ್ಲಿ ಇಡಬೇಕಾದದ್ದು, ಎರಡಕ್ಕೂ ಸೊನ್ನೆ. ರೊಟ್ಟಿಗೆ ಸೊನ್ನೆ. ಇಳಕಲ್‌ಗೆ ಫೋಟೋ ಒಪ್ಪಿ ಅರ್ಧ, 3,650. ಕೊನೆಯ ಸಾಲಿನಲ್ಲಿ "ಹಳೆ ಬಟ್ಟೆಯ ಹೊದಿಕೆ, 300". ಒಟ್ಟು 13,350.

ಇವಳಿಗೆ ಹಣದ ಸಿಟ್ಟಲ್ಲ. "ಹಳೆ ಬಟ್ಟಿ ಅಂದ್ರು" ಅಂತ ಎರಡು ದಿನ ಮಾತಿಲ್ಲ. ತಪ್ಪು ಸಂಸ್ಥೆಯದಲ್ಲ, ಕೌದಿಗೆ ಇಂಗ್ಲಿಷ್ ಸಿಗದೆ ಮಗಳೇ ಹಾಗೆ ಬರೆದಿದ್ದಳು ಅಂತ ನಾನು ಇವತ್ತಿಗೂ ಹೇಳಿಲ್ಲ. ಇವಳು ಇದನ್ನು ಓದುವಷ್ಟರಲ್ಲಿ ನಾನು ಹಾವೇರಿಯಲ್ಲಿರುತ್ತೇನೆ.

ಬಿಲ್ಲಿಲ್ಲದ ವಸ್ತುವಿಗೆ, ಅಂಥದನ್ನು ಈಗ ಮಾಡಿಸಿದರೆ ಎಷ್ಟು ಬೀಳುತ್ತದೆ ಅನ್ನೋ ಕೊಟೇಶನ್ ತರಬೇಕು. ಬ್ಯಾಂಕಿನವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ನಮ್ಮ ಓಣಿಯ ಹಿಂದೆ ಕೌದಿ ಹೊಲಿಯುವ ಒಬ್ಬ ಅಜ್ಜಿ ಇದ್ದಾಳೆ. ಬಟ್ಟೆ ನಾವೇ ಕೊಟ್ಟರೆ ಇಷ್ಟು, ಅವಳೇ ತಂದರೆ ಇಷ್ಟು ಅಂತ ಬೆರಳು ಮಡಚಿ ಲೆಕ್ಕ ಹೇಳಿದಳು. ಒಂಟಿ ಎಳೆಯ ಹೊಲಿಗೆ, ಬೆರಳಗಲದ ಸಾಲು, ಇಪ್ಪತ್ತು ದಿನದ ಕೆಲಸ, 3,500 ರೂಪಾಯಿ. ಬಿಳಿ ಹಾಳೆಯ ಮೇಲೆ ನಾನು ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು. ಹಾವೇರಿಯ ಮಗ ಹಳೆಯ ಫೋನಿನಿಂದ ಕೌದಿಯ ಫೋಟೋ ಹುಡುಕಿ ಕಳಿಸಿದ, ಅದರ ಮೇಲೆ ಅವನೇ ಅಂಗಾತ ಮಲಗಿದ್ದ. ಇದೆಲ್ಲ ಸೇರಿಸಿ ಎರಡನೇ ಪತ್ರ ಕಳಿಸಿದೆ. ದಾವೆ ಹೂಡಲು ಎರಡು ವರ್ಷ ಅವಕಾಶವಿದೆ, ಧಾರವಾಡದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ, ಇಷ್ಟು ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವೂ ಇಲ್ಲ, ನಾನು ನಿವೃತ್ತ, ನನಗೆ ಬೇರೆ ಕೆಲಸವೂ ಇಲ್ಲ ಅಂತ ಕೊನೆಯಲ್ಲಿ ಸೇರಿಸಿದೆ. ಆ ಕೊನೆಯ ಮಾತೇ ಕೆಲಸ ಮಾಡಿತು ಅಂತ ನನ್ನ ಅನುಮಾನ.

ಕೌದಿಗೆ 3,500 ಒಪ್ಪಿದರು. ಒಟ್ಟು 16,550.

ಹಣಕ್ಕೆ ಮುಂಚೆ ಒಂದು ಕಾಗದ ಬಂತು, ಇದರೊಂದಿಗೆ ನಮ್ಮ ಎಲ್ಲ ಬೇಡಿಕೆಯೂ ಪೂರ್ತಿ ಮುಗಿಯಿತೆಂದು ಸಹಿ ಮಾಡಿ ಕೊಡಿ ಅಂತ. ಇಂಥ ಕಾಗದಕ್ಕೆ ಸಹಿ ಬಿದ್ದ ಮೇಲೆ ಬಾಗಿಲು ಮುಚ್ಚಿದಂತೆ. ಇವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನಾಳೆ ಸಿಕ್ರ?"

ನಾನು ಸಹಿಯ ಮೇಲೆ ಕೈಬರಹದಲ್ಲಿ ಒಂದು ಸಾಲು ಸೇರಿಸಿದೆ: ಕೌದಿ ಯಾವಾಗ ಸಿಕ್ಕರೂ ನಮಗೆ ಮರಳಿಸತಕ್ಕದ್ದು.

ಕಾಗದ ಕೊಡಲು ಇಬ್ಬರೂ ನಿಲ್ದಾಣಕ್ಕೆ ಹೋದೆವು. ಗದಗಿನ ಹುಡುಗ ಓದಿ ತಲೆ ಕೆರೆದುಕೊಂಡ. "ಸರ್, ಹೆಡ್ಡಾಫೀಸಿನವ್ರು ಒಪ್ಪೂದಿಲ್ರಿ. ಈ ಸಾಲು ಬಿಟ್ಟು ಬ್ಯಾರೆ ಸಹಿ ಮಾಡಿಕೊಡ್ರಿ."

"ತಮ್ಮಾ, ನಿಮ್ಮ ಮನ್ಯಾಗ ಕೌದಿ ಐತೇನು?" ಅಂದಳು ಇವಳು.

"ಐತ್ರಿ ಅಮ್ಮಾರ. ನಮ್ಮ ಆಯಿದು."

ಹುಡುಗ ಕಾಗದವನ್ನು ಇನ್ನೊಮ್ಮೆ ನೋಡಿದ. ಆಮೇಲೆ ಆ ಸಾಲಿನ ಪಕ್ಕಕ್ಕೇ ಸ್ವೀಕೃತಿಯ ಮುದ್ರೆ ಒತ್ತಿ, ಸಣ್ಣದಾಗಿ ಸಹಿ ಹಾಕಿ, ನಮ್ಮ ಪ್ರತಿ ನಮ್ಮ ಕೈಗಿಟ್ಟ.