ನಡುವೆ ಮರೆತರೆ ಎಲ್ಲಿಂದ ಎತ್ತಿಕೊಳ್ಳುವುದು?

"ಮನೆಯಲ್ಲಿ ಸಲೀಸಾಗಿ ಬರುತ್ತೆ ಸಾರ್, ಪರೀಕ್ಷಕರ ಮುಂದೆ ನಡುವೆ ಮರೆತರೆ ಮೊದಲಿಂದಲೇ ಶುರು ಮಾಡಬೇಕಾಗುತ್ತೆ. ಬೆಂಗಳೂರಿನಲ್ಲೇ ಪಿಯಾನೊ ಪರೀಕ್ಷೆ ಇದೆ, ಏನು ಮಾಡಲಿ?"

ಇದು ಬರೀ ಹೆದರಿಕೆಯಲ್ಲ, ಕಂಠಪಾಠ ಮಾಡಿದ ರೀತಿಯದೇ ತೊಂದರೆ. ಬೆರಳಿನ ನೆನಪಿನಲ್ಲಿ ಒಂದು ಸ್ವರ ಮುಂದಿನದನ್ನು ಎಳೆದು ತರುತ್ತದೆ. ಗಾಬರಿಯಲ್ಲಿ ಒಂದು ಕೊಂಡಿ ಕಳಚಿದರೆ ಉಳಿಯುವ ದಾರಿ ಆರಂಭವೊಂದೇ.

ಮನಶ್ಶಾಸ್ತ್ರಜ್ಞ ರೋಜರ್ ಚಾಫಿನ್, ಪಿಯಾನೊ ವಾದಕಿ ಗೇಬ್ರಿಯೆಲಾ ಇಮ್ರೆ ಬಾಖ್‌ನ ಇಟಾಲಿಯನ್ ಕನ್ಚರ್ಟೊದ ಕೊನೆಯ ಭಾಗ ಕಲಿತದ್ದನ್ನು ಸುಮಾರು 33 ಗಂಟೆಗಳಷ್ಟು ದಾಖಲಿಸಿದರು. ಎರಡು ವರ್ಷ ದಾಟಿದ ಮೇಲೆ ಆಕೆ ನೆನಪಿನಿಂದ ಸ್ವರಲಿಪಿ ಬರೆದಾಗ, ಖಂಡಗಳು ಆರಂಭವಾಗುವ ಜಾಗಗಳೇ ಹೆಚ್ಚು ಚೆನ್ನಾಗಿ ಉಳಿದಿದ್ದವು.

ನಿಮ್ಮದು 64 ಬಾರ್‌ಗಳ ಸೊನಾಟಿನಾ ಅಂದುಕೊಳ್ಳಿ. ಖಂಡಗಳ ಆರಂಭದಲ್ಲಿ ಏಳೆಂಟು ಗುರುತು ಹಾಕಿ. ಒಂದೇ ಸಾಲು ಎರಡು ಸಲ ಬಂದು ಬೇರೆ ಬೇರೆ ಕಡೆ ತಿರುಗುವ ಜಾಗಕ್ಕೆ ತಪ್ಪದೆ ಒಂದಿರಲಿ. ಕರ್ನಾಟಕ ಸಂಗೀತದ ವರ್ಣದಲ್ಲಿ ಎತ್ತುಗಡೆ ಸ್ವರಗಳು ಅದಲುಬದಲಾಗುವುದೂ ಇಂಥಲ್ಲೇ. ಸಂಖ್ಯೆ ಬರೆದ ಚೀಟಿ ಎತ್ತಿ, ಆ ಗುರುತಿನಿಂದ ತಡವರಿಸದೆ ಶುರು ಮಾಡಿ. ಆಮೇಲೆ ಕೊನೆಯ ಗುರುತಿನಿಂದ ಹಿಂದಕ್ಕೆ ಬನ್ನಿ.

ಎರಡು ಬಾರ್ ಹಿಂದಿನಿಂದ ಓಡಿಬಂದರೆ ಮಾತ್ರ ಕೈಗೆ ಸಿಕ್ಕುವ ಗುರುತು ಇನ್ನೂ ಕುಳಿತಿಲ್ಲ. ಅರ್ಧ ವೇಗದಲ್ಲಿ ನುಡಿಸಿ ನೋಡಿ, ಬೆರಳಿನ ಭರವಸೆ ಅಲ್ಲೇ ಬಯಲಾಗುತ್ತದೆ. ಪ್ರತಿ ಬಾರ್‌ಗೂ ಗುರುತು ಹಾಕಬೇಡಿ, ವೇದಿಕೆಯಲ್ಲಿ ಗಮನವೆಲ್ಲ ಬೆರಳಿಗೆ ಹೋಗಿ ಕೈ ಮುಗ್ಗರಿಸುತ್ತದೆ.

ಇದರಿಂದ ಎದೆ ಬಡಿತವೇನೂ ನಿಲ್ಲುವುದಿಲ್ಲ. ತಪ್ಪಿದರೆ ಮುಂದಿನ ಗುರುತಿಗೆ ಹಾರಿ, ಹಿಂದಿನದಕ್ಕಲ್ಲ.